ಮುನಿರಾಮಯ್ಯನಿಗೆ ಬೆವರು ಬಂದ ಬೆಳಿಗ್ಗೆ

ನೀಲಾಂಬಿಕಾ ಮೇಡಂ ಬರೆಯುವ ಪ್ರಶ್ನೆಗಳಲ್ಲಿ ಈಗ ರೋಗಿಗಳಿಗೆ ಹೆಸರಿರುವುದಿಲ್ಲ. ‘ಅರವತ್ತು ದಾಟಿದ ಒಬ್ಬ ಗಂಡಸು’, ‘ಬಾಣಂತಿ ಒಬ್ಬಳು’, ಅಷ್ಟೇ. ಮೊದಲು ಹಾಗಿರಲಿಲ್ಲ. ಹೆಸರು, ಊರು, ಕಸುಬು, ಆಸ್ಪತ್ರೆಗೆ ಜೊತೆಯಲ್ಲಿ ಬಂದ ಸೊಸೆ, ಎಲ್ಲವೂ ಇರುತ್ತಿದ್ದವು. ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಾ ಮಾಡುತ್ತಾ ಈ ಜನ ನಮ್ಮ ಬೀದಿಯವರೇ ಏನೋ ಅನ್ನಿಸಿಬಿಡುತ್ತಿತ್ತು ನನಗೆ.

ನಾನು ಚಿಕ್ಕಗಂಗಮ್ಮ. ಅನ್ನಪೂರ್ಣೇಶ್ವರಿ ನಗರದಲ್ಲಿರುವ ಒಂದು ನರ್ಸಿಂಗ್ ಕಾಲೇಜಿನ ಪರೀಕ್ಷಾ ವಿಭಾಗ ನೋಡಿಕೊಳ್ಳುತ್ತೇನೆ. ಈ ಕಾಲೇಜು ನಿಂತಿರುವ ಜಾಗದಲ್ಲಿ ನಮ್ಮ ತಾತ ರಾಗಿ ಬಿತ್ತುತ್ತಿದ್ದರು. ಹಾಗಾಗಿ ಇಲ್ಲಿ ಯಾರ ಮುಲಾಜೂ ನನಗಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಅಚ್ಚು ಹಾಕಿಸುವುದು, ಲಕೋಟೆಗೆ ಸೀಲು ಒತ್ತುವುದು, ಮಕ್ಕಳು ಉತ್ತರದ ಗುಂಡಿಗಳಿಗೆ ಪೆನ್ನಿನಿಂದ ಕಪ್ಪು ತುಂಬಿದ ಹಾಳೆಗಳನ್ನು ಯಂತ್ರಕ್ಕೆ ಕೊಟ್ಟು ಅಂಕ ತೆಗೆಯುವುದು ನನ್ನ ಕೆಲಸ. ಪಾಠದ ವಿಷಯ ನನಗೆ ಗೊತ್ತಿರಲಿಲ್ಲ. ನೀಲಾಂಬಿಕಾ ಮೇಡಂ ಬಂದ ಮೇಲೆ ಸ್ವಲ್ಪ ಗೊತ್ತಾಯಿತು. ಗೊತ್ತಾಗದೇ ಇದ್ದಿದ್ದರೇ ಚೆನ್ನಾಗಿತ್ತು ಎಂದು ಒಂದೊಂದು ಸಲ ಅನ್ನಿಸುತ್ತದೆ.

ಮೇಡಂ ರೋಣದ ಕಡೆಯವರು. ಸಣ್ಣ ಆಳು, ಮಾತು ಕಡಿಮೆ, ಹಣೆ ತುಂಬಾ ವಿಭೂತಿ. ಏಳನೇ ಕ್ಲಾಸಿನವರೆಗೆ ಓದಿದ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರೇ ಇರಲಿಲ್ಲವಂತೆ. ನರ್ಸಿಂಗ್ ಓದಿ, ಬಹಳ ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದು, ರಾತ್ರಿ ಪಾಳಿಯಲ್ಲಿ ಕಾಲು ಊದಿಸಿಕೊಂಡು, ಆಮೇಲೆ ಎಂ.ಎಸ್ಸಿ. ಮಾಡಿ ನಮ್ಮಲ್ಲಿಗೆ ಪಾಠಕ್ಕೆ ಬಂದವರು. ಗೋವಿಂದರಾಜನಗರದಲ್ಲಿ ಬಾಡಿಗೆ ಮನೆ. ಗಂಡ ಇಲ್ಲ, ಮಕ್ಕಳಿಲ್ಲ. ಅದನ್ನು ಕೇಳಿದವರಿಗೆ ‘ಇಲ್ಲ’ ಎನ್ನುವುದರ ಆಚೆಗೆ ಇನ್ನೊಂದು ಮಾತು ಸಿಗುತ್ತಿರಲಿಲ್ಲ. ನನಗೂ ಸಿಗಲಿಲ್ಲ, ನಾನೂ ಕೇಳಿದವಳೇ.

ಅವರಿಗಿಂತ ಮುಂಚೆ ನಮ್ಮ ಆಂತರಿಕ ಪರೀಕ್ಷೆಗಳು ಹೇಗಿರುತ್ತಿದ್ದವು ಎಂದು ಹೇಳಬೇಕು. ‘ಇನ್ಸುಲಿನ್ ಯಾವ ಗ್ರಂಥಿಯಿಂದ ಬರುತ್ತದೆ?’ ಕೆಳಗೆ ನಾಲ್ಕು ಆಯ್ಕೆ. ‘ರಕ್ತದಲ್ಲಿ ಸಕ್ಕರೆ ಎಷ್ಟಕ್ಕಿಂತ ಕಡಿಮೆಯಾದರೆ ಅಪಾಯ?’ ಮತ್ತೆ ನಾಲ್ಕು. ಪರೀಕ್ಷೆಗೆ ಎರಡು ದಿನ ಇದೆ ಅನ್ನುವಾಗ ಮೇಡಂಗಳು ಕ್ಲಾಸಿಗೆ ಹೋಗಿ ‘ಇಂಪಾರ್ಟೆಂಟ್’ ಕೊಡುತ್ತಿದ್ದರು. ಇದನ್ನು ಓದ್ಕೊಳ್ಳಿ, ಇದು ಬರುತ್ತೆ ಎಂದು. ಅದೇ ಬರುತ್ತಿತ್ತು. ಮಕ್ಕಳು ಗಿಣಿಪಾಠ ಒಪ್ಪಿಸುತ್ತಿದ್ದರು, ಫಲಿತಾಂಶ ನೂರಕ್ಕೆ ನೂರು, ಪ್ರಿನ್ಸಿಪಾಲರು ಫಲಿತಾಂಶದ ಬೋರ್ಡಿಗೆ ಹೂವಿನ ಹಾರ ಹಾಕಿಸುತ್ತಿದ್ದರು. ಇದು ಯಾರೂ ತಪ್ಪು ಎಂದುಕೊಳ್ಳದ ಪದ್ಧತಿ. ಇಂಪಾರ್ಟೆಂಟ್ ಕೊಡದ ಮೇಡಂ ಎಂದರೆ ಕಲ್ಲು ಹೃದಯದ ಮೇಡಂ ಎಂದೇ ಲೆಕ್ಕ.

ನೀಲಾಂಬಿಕಾ ಮೇಡಂ ಇಂಪಾರ್ಟೆಂಟ್ ಕೊಡಲಿಲ್ಲ. ನನ್ನ ಮೇಜಿನ ಎದುರು ಕೂತು ತಮ್ಮ ಪ್ರಶ್ನೆಗಳನ್ನು ಟೈಪ್ ಮಾಡಿಸುವಾಗ ಒಮ್ಮೆ ಕೇಳಿಯೇಬಿಟ್ಟೆ.

“ಅಲ್ಲ ಮೇಡಂ, ಇನ್ಸುಲಿನ್ ಅಂದ್ರೇನು ಅಂತ ಕೇಳಿದ್ರೆ ಆಗಲ್ವಾ? ಇದೇನಿದು ಕತೆ ಬರ್ದಿದೀರಲ್ಲ.”

“ಅದು ಏನು ಅಂತ ಗೊತ್ತಿದ್ದೋರೇ ವಾರ್ಡಲ್ಲಿ ತಪ್ಪು ಮಾಡೋದು ಗಂಗಮ್ಮ,” ಎಂದರು. “ಗೊತ್ತಿದ್ದುದನ್ನ ಹೇಳೋದು ಬೇರೆ. ಎದುರಿಗೆ ರೋಗಿ ಇದ್ದಾಗ ಅದನ್ನ ಯಾವಾಗ ಎತ್ಕೋಬೇಕು, ಯಾವಾಗ ಬಿಡಬೇಕು ಅನ್ನೋದು ಬೇರೆ.”

ಅವರು ಬರೆಯುವ ರೀತಿಯನ್ನು ಆ ವರ್ಷ ಹತ್ತಿರದಿಂದ ಕಂಡೆ. ಮೊದಲು ವಾರ್ಡಿನಲ್ಲಿ ನಿಜವಾಗಿ ನಡೆದ ಒಂದು ಸಂದರ್ಭ ಹಿಡಿಯುತ್ತಿದ್ದರು. ಕ್ಲಾಸಿನಲ್ಲಿ ಹೇಳಿದ ಉದಾಹರಣೆಯನ್ನೇ ಹಾಕುತ್ತಿರಲಿಲ್ಲ, ಹಾಕಿದರೆ ಅದೂ ನೆನಪಿನ ಪ್ರಶ್ನೆಯೇ ಆಗುತ್ತದೆ ಎನ್ನುತ್ತಿದ್ದರು. ಸರಿಯುತ್ತರ ಬರೆಯುವುದು ಅವರಿಗೆ ಸುಲಭ, ತಪ್ಪು ಉತ್ತರ ಬರೆಯುವುದಕ್ಕೇ ಹೊತ್ತು ಹಿಡಿಯುತ್ತಿತ್ತು. ಬಾಯಿಗೆ ಬಂದ ಮೂರು ತಪ್ಪುಗಳನ್ನು ಸೇರಿಸಿದರೆ ಯಾರು ಬೇಕಾದರೂ ತಳ್ಳಿಹಾಕುತ್ತಾರೆ. ಅದಕ್ಕೇ ಹುಡುಗಿಯರು ವಾರ್ಡಿನಲ್ಲಿ ಮಾಡುವ ನಿಜವಾದ ತಪ್ಪುಗಳನ್ನೇ ಆಯ್ಕೆಗಳಾಗಿ ಇಡುತ್ತಿದ್ದರು. ನಾಲ್ಕೂ ಹೆಚ್ಚುಕಡಿಮೆ ಒಂದೇ ಉದ್ದ ಇರಬೇಕು, ಉದ್ದದ್ದೇ ಸರಿಯುತ್ತರ ಎಂದು ಮಕ್ಕಳು ಊಹಿಸಬಾರದು. ‘ಮೇಲಿನ ಎಲ್ಲವೂ’ ಎನ್ನುವ ಆಯ್ಕೆ ಕಂಡರೆ ಅವರಿಗೆ ಆಗದು. ಕೊನೆಗೆ ಆಯ್ಕೆಗಳನ್ನು ಕೈಯಿಂದ ಮುಚ್ಚಿ ಬರೀ ಪ್ರಶ್ನೆ ಓದುತ್ತಿದ್ದರು. ಆಯ್ಕೆ ನೋಡದೆಯೂ ಉತ್ತರ ಹೇಳಲು ಬಂದರೆ ಆ ಪ್ರಶ್ನೆ ಗಟ್ಟಿಯಾಗಿದೆ ಎಂದು ಅರ್ಥ.

ಹಾಗೆ ಬಂದವನೇ ಮುನಿರಾಮಯ್ಯ. ಅರವತ್ತೆರಡು ವರ್ಷ, ಕೆಂಗೇರಿ ಕಡೆಯವನು, ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಇನ್ಸುಲಿನ್. ಆ ದಿನ ಹೊಟ್ಟೆಯೊಳಗೆ ಕೊಳವೆ ಬಿಟ್ಟು ನೋಡುವ ಪರೀಕ್ಷೆ ಇರುವುದರಿಂದ ಏನೂ ತಿನ್ನಬಾರದೆಂದು ಹೇಳಿದ್ದಾರೆ. ಚಾರ್ಟಿನಲ್ಲಿ ಮಾತ್ರ ಎಂದಿನಂತೆ ಇನ್ಸುಲಿನ್ ಎಂದೇ ಇದೆ. ನರ್ಸ್ ಏನು ಮಾಡಬೇಕು? ಚಾರ್ಟಿನಲ್ಲಿದ್ದಂತೆ ಕೊಡುವುದೇ, ತಾನೇ ಅರ್ಧ ಮಾಡಿ ಕೊಡುವುದೇ, ತಡೆದು ಡಾಕ್ಟರಿಗೆ ತಿಳಿಸುವುದೇ, ಪರೀಕ್ಷೆ ಮುಗಿದ ತಕ್ಷಣ ಕೊಡುವುದೇ? ತಿನ್ನದವನಿಗೆ ಆ ಇನ್ಸುಲಿನ್ ಕೊಟ್ಟರೆ ಸಕ್ಕರೆ ಕುಸಿದು ಪ್ರಾಣಕ್ಕೇ ಸಂಚಕಾರ ಬರುತ್ತದೆ. ತಡೆದು ಡಾಕ್ಟರಿಗೆ ತಿಳಿಸಬೇಕು, ಅದು ಸರಿಯುತ್ತರ. ನಾನು ನಾಲ್ಕು ಸಾಲಿನಲ್ಲಿ ಹೇಳಿದ್ದನ್ನು ಮೇಡಂ ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆದಿದ್ದರು. ಅವನ ಬಿಪಿ ಮಾತ್ರೆ, ಮಗಳ ಮನೆ, ಹಿಂದಿನ ರಾತ್ರಿಯ ನಿದ್ದೆ, ಮನಸ್ಸಿನ ಕಳವಳ, ಎಲ್ಲವೂ ಇತ್ತು. ವಾರ್ಡಿನಲ್ಲಿ ಬೇಕಾದ್ದೂ ಬೇಡದ್ದೂ ಒಟ್ಟಿಗೇ ಬರುತ್ತದೆ, ಹೆಕ್ಕುವುದನ್ನು ಕಲಿಯಲಿ ಎಂಬುದು ಅವರ ವಾದ.

ಪರೀಕ್ಷೆ ಮುಗಿಯಿತು. ಯಂತ್ರಕ್ಕೆ ಹಾಳೆ ಕೊಟ್ಟರೆ ಒಂದರ ಹಿಂದೆ ಒಂದು ನಪಾಸು. ಅರ್ಧಕ್ಕರ್ಧ ಕ್ಲಾಸು ಮಲಗಿತ್ತು.

ಮರುದಿನ ಕಾರಿಡಾರಿನಲ್ಲಿ ಹುಡುಗಿಯರು ಮೇಡಂ ಸುತ್ತ ಮುತ್ತಿಕೊಂಡರು. “ಇದು ಟೆಕ್ಸ್ಟ್‌ಬುಕ್‌ನಲ್ಲಿ ಎಲ್ಲಿದೆ ಮೇಡಂ?” ಎನ್ನುವುದೇ ಎಲ್ಲರ ಪ್ರಶ್ನೆ. ಎಲ್ಲೂ ಇಲ್ಲ ಎಂದರು ಮೇಡಂ. ಪ್ರಿನ್ಸಿಪಾಲ್ ಭೈರೇಶ್ ಸರ್ ತಮ್ಮ ಕೋಣೆಗೆ ಕರೆಸಿ, “ಏನ್ ಮೇಡಂ ಇದು, ಐಎಎಸ್ ಎಕ್ಸಾಮ್ ಮಾಡ್ತಾ ಇದೀರಾ? ಬೋರ್ಡಿಗೆ ನಾನು ಏನ್ ಹಾರ ಹಾಕ್ಲಿ?” ಎಂದರು. ಭೈರೇಶ್ ಸರ್ ಕೆಟ್ಟವರಲ್ಲ. ತಿದ್ದುವ ಗೋಜು ಬೇಡ ಎಂದು ಯಂತ್ರದ ಹಾಳೆ ತರಿಸಿದವರು, ಅಷ್ಟೇ. ಸುಧಾರಣಾ ಪರೀಕ್ಷೆ ಒಂದು ಮಾಡಿ, ಅದರಲ್ಲಿ ಎಲ್ಲರನ್ನೂ ದಡ ಹತ್ತಿಸಿ ಎಂದು ಅಪ್ಪಣೆ ಕೊಟ್ಟರು. ಅದರಲ್ಲೂ ಬೇಕಾದಷ್ಟು ಅಂಕ ಬರದವರಿಗೆ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವ ಅರ್ಹತೆ ಇಲ್ಲ, ವರ್ಷ ಹೋಯಿತು.

ವರ್ಷ ಹೋದರೆ ಬಹಳ ಜನಕ್ಕೆ ಬೇಜಾರು, ಮನೆಯಲ್ಲಿ ಬೈಗುಳ. ಗುರುದೇವಿಗೆ ಹಾಗಲ್ಲ. ಅವಳು ಗಜೇಂದ್ರಗಡದ ಹತ್ತಿರದ ಹಳ್ಳಿಯವಳು. ತಾಯಿ ಇಲ್ಲ, ಮುತ್ತವ್ವ ಎನ್ನುವ ಅಜ್ಜಿ ಸಾಕಿದ್ದು. ವಿಜಯನಗರದ ಹತ್ತಿರ ಮಠದವರು ನಡೆಸುವ ಉಚಿತ ಹಾಸ್ಟೆಲಿನಲ್ಲಿ ಇದ್ದಳು. ಊಟ, ವಸತಿ, ಎಲ್ಲ ಬಿಟ್ಟಿ. ಷರತ್ತು ಒಂದೇ, ವರ್ಷ ಕಳೆದುಕೊಂಡವರಿಗೆ ಜಾಗವಿಲ್ಲ. ಹಾಸ್ಟೆಲ್ ಹೋದರೆ ಬೆಂಗಳೂರಿನಲ್ಲಿ ಅವಳಿಗೆ ತಲೆ ಮೇಲೆ ಸೂರಿಲ್ಲ. ಅಣ್ಣ ಹನುಮೇಶ ಊಟ ತಲುಪಿಸುವ ಬೈಕು ಓಡಿಸುತ್ತಾನೆ, ಆರೇಳು ಹುಡುಗರ ಜೊತೆ ಒಂದು ರೂಮಿನಲ್ಲಿ ಮಲಗುತ್ತಾನೆ. ತಂಗಿಯನ್ನು ಎಲ್ಲಿಡುತ್ತಾನೆ? ಅವಳು ಪರೀಕ್ಷೆಯಲ್ಲಿ ಬಿದ್ದರೆ ಓದೇ ಮುಗಿಯಿತು ಎಂದರ್ಥ. ಇದು ಕ್ಲಾಸಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೇಡಂ ಅವತ್ತು ಉತ್ತರದ ಹಾಳೆಗಳನ್ನೆಲ್ಲ ಹರಡಿಕೊಂಡು ಕೂತರು. ಯಾವ ಪ್ರಶ್ನೆಯನ್ನು ಯಾರು ತಪ್ಪಿದ್ದಾರೆ, ಯಾವ ತಪ್ಪು ಆಯ್ಕೆಗೆ ಹೆಚ್ಚು ಜನ ಹೋಗಿದ್ದಾರೆ ಎಂದು ನೋಡುತ್ತಾ ನೋಡುತ್ತಾ ಅವರ ಮುಖ ಬಾಡಿತು. “ಗಂಗಮ್ಮ, ಉರು ಹೊಡೆಯೋರು ಬೀಳ್ತಾರೆ ಅಂದ್ಕೊಂಡಿದ್ದೆ. ಆದ್ರೆ ವಾರ್ಡಲ್ಲಿ ಕೈ ಚೆನ್ನಾಗಿರೋ ಹುಡುಗೀರು ಬಿದ್ದಿದಾರೆ. ಈ ಗುರುದೇವಿ ಯಾಕೆ ಬಿದ್ಲು?” ಎಂದರು. ವಾರ್ಡಿನಲ್ಲಿ ಗುರುದೇವಿ ಇದ್ದರೆ ರೋಗಿಗಳು ಬೇರೆಯವರನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲವಂತೆ.

ಹುಡುಗಿಯನ್ನು ಪರೀಕ್ಷಾ ವಿಭಾಗಕ್ಕೇ ಕರೆಸಿದರು. ನನ್ನ ಮುಂದೆಯೇ ಕೂರಿಸಿಕೊಂಡು, ಹಳೆಯ ಪತ್ರಿಕೆ ಕೈಗೆ ಕೊಟ್ಟು ಮುನಿರಾಮಯ್ಯನ ಪ್ರಶ್ನೆ ಓದು ಎಂದರು. ಹುಡುಗಿ ಓದಿದಳು. ಎರಡನೇ ಸಾಲಿಗೆ ತಡವರಿಸಿದಳು. ಕಳವಳ ಎನ್ನುವುದಕ್ಕೆ ಮೇಡಂ ಹಾಕಿದ್ದ ‘ಅಪ್ರಿಹೆನ್ಸಿವ್’ ಎನ್ನುವ ಪದದ ಹತ್ತಿರ ಬಂಡಿ ಹೂತುಹೋಯಿತು. ಅಲ್ಲಿಂದ ಮುಂದೆ ಹೋಗಲೇ ಇಲ್ಲ, ಮತ್ತೆ ಮೊದಲಿನಿಂದ ಶುರು ಮಾಡಿದಳು. ಕಣ್ಣಲ್ಲಿ ನೀರು.

ಮೇಡಂ ಪತ್ರಿಕೆ ಕಸಿದುಕೊಂಡು ಮಗುಚಿಟ್ಟರು. ತಮ್ಮ ಊರಿನ ಮಾತಿಗೆ ಹೊರಳಿದರು. “ಬಿಡು ಅದನ್ನ. ಕೇಳಿಲ್ಲೆ. ಒಬ್ಬ ಮುದುಕ ಅದಾನ, ಸಕ್ರಿ ಬ್ಯಾನಿ. ದಿನಾ ಮುಂಜಾನೆ ಇನ್ಸುಲಿನ್ ತಗೊಂಡು ನಾಷ್ಟಾ ಮಾಡ್ತಾನ. ಇವತ್ತ ಏನೂ ತಿನಬ್ಯಾಡ ಅಂದಾರ. ಚಾರ್ಟಿನ್ಯಾಗ ಇನ್ಸುಲಿನ್ ಐತಿ. ನೀ ಏನ್ ಮಾಡ್ತಿ?”

“ಕೊಡಬಾರದ್ರೀ ಮೇಡಂ,” ಎಂದಳು ಹುಡುಗಿ ತಟ್ಟನೆ. “ತಿಂದಿಲ್ಲಂದ್ರ ಸಕ್ರಿ ಇಳಿತೈತ್ರೀ. ನಿಲ್ಲಿಸಿ ಡಾಕ್ಟರಿಗೆ ಹೇಳಬೇಕ್ರೀ.”

“ನೀನ ಅರ್ಧಾ ಮಾಡಿ ಕೊಡಬಾರದೇನ?”

“ನಾ ಹೆಂಗ ಅರ್ಧಾ ಮಾಡ್ಲ್ರೀ? ಅದು ಡಾಕ್ಟರ್ ಹೇಳಬೇಕ್ರೀ. ನಮ್ಮ ಅಜ್ಜಿಗೂ ಸಕ್ರಿ ಐತ್ರೀ ಮೇಡಂ. ನಾ ನೋಡೇನ್ರೀ.”

ಮೇಡಂ ನನ್ನ ಕಡೆ ನೋಡಿದರು. ಹುಡುಗಿಯನ್ನು ಕಳಿಸಿ, ಬಾಗಿಲು ಹಾಕಿಕೊಂಡು, “ನಾನು ಮಾಡಿದ್ದು ಇಂಗ್ಲಿಷ್ ಪರೀಕ್ಷೆ ಗಂಗಮ್ಮ,” ಎಂದರು. “ಯೋಚನೆ ಮಾಡೋದನ್ನ ಅಳೀತೀನಿ ಅಂತ ಹೊರಟು ಓದೋದನ್ನ ಅಳೆದುಬಿಟ್ಟೆ. ನಾನೇ ಕನ್ನಡ ಶಾಲೆಯಿಂದ ಬಂದೋಳು. ನನಗೇ ಇದು ಹೊಳೀಲಿಲ್ಲ ನೋಡಿ.”

ಅಲ್ಲಿಂದ ಮುಂದಿನ ವಾರವೆಲ್ಲ ಅವರು ಪ್ರಶ್ನೆಗಳನ್ನು ಕೊಚ್ಚಿದರು. ಅದಕ್ಕೆ ಬೇರೆ ಪದ ಇಲ್ಲ. ಮಗಳ ಮನೆ ಹೋಯಿತು, ನಿದ್ದೆ ಹೋಯಿತು, ಅಪ್ರಿಹೆನ್ಸಿವ್ ಹೋಯಿತು. ಒಂದೊಂದು ಪ್ರಶ್ನೆಯೂ ಎರಡು ಮೂರು ಸಾಲಿಗೆ ಇಳಿಯಿತು, ಪದಗಳೆಲ್ಲ ವಾರ್ಡಿನಲ್ಲಿ ದಿನಾ ಆಡುವಂಥವು. ಯೋಚನೆ ಮಾತ್ರ ಅಷ್ಟೇ ಬೇಕು. “ಪ್ರಶ್ನೆ ಓದೋಕೆ ಸುಲಭ ಇರ್ಬೇಕು, ಉತ್ತರ ಯೋಚಿಸೋಕೆ ಕಷ್ಟ ಇರ್ಬೇಕು. ನಾನು ಉಲ್ಟಾ ಮಾಡಿದ್ದೆ,” ಎಂದು ನಕ್ಕರು. ಅವರು ನಕ್ಕಿದ್ದನ್ನು ನಾನು ಕಂಡಿದ್ದೇ ಅಪರೂಪ.

ಆ ಪತ್ರಿಕೆಯನ್ನು ಟೈಪ್ ಮಾಡುವಾಗ ಮತ್ತೆ ಮುನಿರಾಮಯ್ಯ ಬಂದ.

“ಏನ್ ಮೇಡಂ, ಈ ಅಜ್ಜ ಇನ್ನೂ ಡಿಸ್ಚಾರ್ಜ್ ಆಗಿಲ್ವಾ?” ಎಂದೆ.

“ಬೇಕಂತಲೇ ಹಾಕಿದೀನಿ,” ಎಂದರು. “ಹಳೇ ಪ್ರಶ್ನೆಗಳಿಗೆ ಉತ್ತರ ಬರೆದು ಮಕ್ಕಳು ವಾಟ್ಸಾಪಲ್ಲಿ ಹಂಚ್ಕೊಂಡಿದಾರೆ. ಮುನಿರಾಮಯ್ಯ ಅಂದ್ರೆ ‘ತಡೆದು ಡಾಕ್ಟರಿಗೆ ತಿಳಿಸು’ ಅಂತ ಬಾಯಿಪಾಠ ಆಗಿದೆ. ಅದೇ ಅಜ್ಜ, ಬೇರೆ ಬೆಳಿಗ್ಗೆ. ಪ್ರಶ್ನೆ ಪೂರ್ತಿ ಓದಿದೋರು ಉಳೀತಾರೆ, ಉರು ಹೊಡ್ದೋರು ಸಿಕ್ಕಿಬೀಳ್ತಾರೆ.”

ಎರಡನೇ ಬೆಳಿಗ್ಗೆ ಹೀಗಿತ್ತು. ಮುನಿರಾಮಯ್ಯ ಇನ್ಸುಲಿನ್ ತೆಗೆದುಕೊಂಡಿದ್ದಾನೆ. ತಿಂಡಿ ಒಂದು ತುತ್ತು ತಿಂದು ಬೇಡವೆಂದು ತಟ್ಟೆ ಸರಿಸಿದ್ದಾನೆ. ಈಗ ಬೆವರುತ್ತಿದ್ದಾನೆ, ಕೈ ನಡುಗುತ್ತಿದೆ. ಎಚ್ಚರವಾಗಿದ್ದಾನೆ, ನುಂಗಬಲ್ಲ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಐವತ್ನಾಲ್ಕು. ನರ್ಸ್ ಮೊದಲು ಮಾಡಬೇಕಾದ್ದೇನು? ಮುಂದಿನ ಇನ್ಸುಲಿನ್ ತಡೆದು ಡಾಕ್ಟರಿಗೆ ತಿಳಿಸುವುದು ಒಂದು ಆಯ್ಕೆ. ಗ್ಲೂಕೋಸ್ ನೀರು ಕುಡಿಸುವುದು ಇನ್ನೊಂದು. ಮಲಗಿಸಿ ಬಿಪಿ ನೋಡುವುದು, ಬೇರೆ ತಿಂಡಿ ತರಿಸಿ ಕಾಯುವುದು, ಉಳಿದೆರಡು. ಡಾಕ್ಟರಿಗೆ ಹೇಳುವುದು ತಪ್ಪೇನಲ್ಲ, ಆದರೆ ಅವರು ಬರುವ ಹೊತ್ತಿಗೆ ಅಜ್ಜ ಪ್ರಜ್ಞೆ ತಪ್ಪಿರುತ್ತಾನೆ. ಮೊದಲು ಸಕ್ಕರೆ ಬಾಯಿಗೆ ಹೋಗಬೇಕು, ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿ ನೋಡಬೇಕು. ನನಗೇ ಸಕ್ಕರೆ ಕಾಯಿಲೆ ಇದೆ, ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯ ಎಂದು ಗೊತ್ತು, ಹಾಗಾಗಿ ಅಷ್ಟು ನನಗೂ ಅರ್ಥವಾಯಿತು. ಪ್ರಶ್ನೆ ಚೆನ್ನಾಗಿದೆ ಮೇಡಂ ಎಂದೆ. ಚೆನ್ನಾಗಿಯೇ ಇತ್ತು, ಅದೇ ಸಂಕಟ.

ಸುಧಾರಣಾ ಪರೀಕ್ಷೆಯಾಯಿತು. ಹಾಳೆಗಳನ್ನು ಯಂತ್ರಕ್ಕೆ ಕೊಡುವಾಗ ಮೇಡಂ ಪಕ್ಕದಲ್ಲೇ ನಿಂತಿದ್ದರು. ಒಂದೊಂದೇ ಪಾಸು, ಪಾಸು. ಬಿದ್ದಿದ್ದ ಕನ್ನಡ ಶಾಲೆಯ ಹುಡುಗಿಯರೆಲ್ಲ ಎದ್ದು ಕೂತರು. ಮೇಡಂ ಮುಖ ಅರಳುತ್ತಾ ಬಂತು. ಆಮೇಲೆ ಗುರುದೇವಿಯ ಹಾಳೆ ಬಂತು. ಒಂದೇ ಒಂದು ಅಂಕ ಕಡಿಮೆ.

ಮೇಡಂ ಹಾಳೆಯನ್ನು ಎತ್ತಿಕೊಂಡು ಬೆರಳಿಟ್ಟು ಇಳಿದರು. ಕಷ್ಟದ ಪ್ರಶ್ನೆಗಳನ್ನು ಹುಡುಗಿ ಸರಿಯಾಗಿ ಮಾಡಿದ್ದಳು. ಮುನಿರಾಮಯ್ಯನ ಹತ್ತಿರ ಬೆರಳು ನಿಂತಿತು. ‘ಇನ್ಸುಲಿನ್ ತಡೆದು ಡಾಕ್ಟರಿಗೆ ತಿಳಿಸುವುದು.’ ಗುಂಡಿಯನ್ನು ಎಷ್ಟು ಒತ್ತಿ ತುಂಬಿದ್ದಳೆಂದರೆ ಕಾಗದದ ಹಿಂಬದಿಗೂ ಮೂಡಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಭೈರೇಶ್ ಸರ್ ಸಲೀಸಾಗಿ ಹೇಳಿದರು. “ಒಂದು ಮಾರ್ಕ್ ತಾನೇ, ಹಾಕಿ ಕಳಿಸಿ. ಯಾರು ಕೇಳ್ತಾರೆ?” ನಮ್ಮಲ್ಲಿ ಅದೇನು ಹೊಸದಲ್ಲ. ಮೇಡಂ ಹಿಂದೆಮುಂದೆ ನೋಡಿದರು. ನಾನೇ ಗದರಿದೆ. “ಸುಮ್ನೆ ಹಾಕಿ ಮೇಡಂ, ಹುಡುಗಿ ಬಾಳು,” ಎಂದೆ. ಕೊನೆಗೆ ಸರಿ ಎಂದು ತಲೆಯಾಡಿಸಿದರು. ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸಲು ಮರುದಿನ ಸಂಜೆಯವರೆಗೆ ಸಮಯವಿತ್ತು. ಬೆಳಿಗ್ಗೆ ಬಂದು ಮಾಡೋಣ ಎಂದುಕೊಂಡು ಮನೆಗೆ ಹೋದೆವು.

ಬೆಳಿಗ್ಗೆ ಬಂದರೆ ಪ್ರಿನ್ಸಿಪಾಲರ ಕೋಣೆಯಲ್ಲಿ ರಾಜಾಜಿನಗರದಿಂದ ಕಾಲೇಜಿನ ಟ್ರಸ್ಟಿ ಬಂದು ಕೂತಿದ್ದರು. ಎದುರಿಗೆ ಮೇಧಾ ಎನ್ನುವ ಹುಡುಗಿಯ ತಂದೆ. ಮೇಧಾ ಯಾವಾಗಲೂ ಕ್ಲಾಸಿಗೇ ಹೆಚ್ಚು ಅಂಕ ತೆಗೆಯುವವಳು, ಈ ಸಲ ಅವಳಿಗೂ ಅಂಕ ಇಳಿದಿತ್ತು. ಪರೀಕ್ಷೆಗೆ ಮುಂಚೆ ನೀಲಾಂಬಿಕಾ ಮೇಡಂ ಗುರುದೇವಿಯನ್ನು ಪರೀಕ್ಷಾ ವಿಭಾಗದಲ್ಲಿ ಕೂರಿಸಿಕೊಂಡು ಬಾಗಿಲು ಹಾಕಿಕೊಂಡು ಪ್ರಶ್ನೆ ಹೇಳಿಕೊಟ್ಟಿದ್ದಾರೆ, ಅವತ್ತು ಕೇಳಿದ ಅದೇ ಮುನಿರಾಮಯ್ಯ ಪರೀಕ್ಷೆಯಲ್ಲೂ ಬಂದಿದ್ದಾನೆ, ಇಬ್ಬರೂ ಒಂದೇ ಕಡೆಯವರು, ಇದು ಪತ್ರಿಕೆ ಸೋರಿಕೆ ಎಂಬುದು ಅವರ ದೂರು. ಬಾಗಿಲು ಹಾಕಿದ್ದು ಹುಡುಗಿ ಹೋದ ಮೇಲೆ ಎಂದು ನಾನು ಗಂಟಲು ಹರಿಯುವಂತೆ ಹೇಳಿದೆ. ನನ್ನ ಮಾತು ಯಾರಿಗೆ ಬೇಕು?

ಭೈರೇಶ್ ಸರ್ “ಗಂಗಮ್ಮ, ಆ ಹುಡುಗಿ ಶೀಟ್ ತಗೊಂಡ್ ಬನ್ನಿ,” ಎಂದರು. ತಂದುಕೊಟ್ಟೆ. ಅದನ್ನು ಟ್ರಸ್ಟಿ ಮುಂದೆ ಹಿಡಿದು ಮುನಿರಾಮಯ್ಯನ ಪ್ರಶ್ನೆಗೆ ಬೆರಳಿಟ್ಟರು.

“ನೋಡಿ ಸಾರ್. ಪೇಪರ್ ಲೀಕ್ ಆಗಿದ್ರೆ ಈ ಹುಡುಗಿ ಅದೇ ಪ್ರಶ್ನೆ ತಪ್ಪು ಮಾಡ್ತಿದ್ಲಾ? ನೀವೇ ಹೇಳಿ.”

ಮೇಧಾಳ ತಂದೆ ಕನ್ನಡಕ ತೆಗೆದು ಹಾಳೆ ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು. ಟ್ರಸ್ಟಿ ಸಮಾಧಾನದ ಉಸಿರು ಬಿಟ್ಟರು. ಮೇಡಂ ಪಾರಾದರು. ಅವರ ಕೆಲಸ, ಮರ್ಯಾದೆ, ಎಲ್ಲವನ್ನೂ ಆ ಹುಡುಗಿಯ ಒಂದು ತಪ್ಪು ಗುಂಡಿ ಉಳಿಸಿತ್ತು.

ಈಗ ಆ ಹಾಳೆಯಲ್ಲಿ ಒಂದು ಅಂಕ ಹೆಚ್ಚಿಸುವುದು ಹೇಗೆ? ಟ್ರಸ್ಟಿ ಎಲ್ಲ ಹಾಳೆಗಳಿಗೂ ಸಹಿ ಹಾಕಿ ಲಕೋಟೆಗೆ ಸೀಲು ಒತ್ತಿಸಿದರು. ಸೀಲು ಒತ್ತಿದವಳು ನಾನೇ.

ಆಗ ನೀಲಾಂಬಿಕಾ ಮೇಡಂ ಎದ್ದು ನಿಂತರು. “ಸಾರ್, ಆ ಪ್ರಶ್ನೆಯನ್ನ ಪತ್ರಿಕೆಯಿಂದ ತೆಗೆದುಬಿಡಿ. ಎಲ್ಲರಿಗೂ ಆ ಅಂಕ ಕೊಡಿ. ಪ್ರಶ್ನೆಯಲ್ಲಿ ದೋಷ ಇದ್ರೆ ಹಾಗೆ ಮಾಡೋದು ಕ್ರಮ,” ಎಂದರು. ಅದು ಉಪಾಯವೇ ಆಗಿತ್ತು. ಎಲ್ಲರಿಗೂ ಕೊಟ್ಟರೆ ಗುರುದೇವಿಗೂ ಸಿಗುತ್ತದೆ, ಯಾರೂ ಬೆರಳು ತೋರಿಸುವಂತಿಲ್ಲ. ನನ್ನ ಎದೆ ಹಗುರವಾಯಿತು.

ಟ್ರಸ್ಟಿ ಬುದ್ಧಿವಂತರು. “ದೋಷ ಏನು ಮೇಡಂ? ಉತ್ತರ ತಪ್ಪಾಗಿದೆಯಾ?”

“ಇಲ್ಲ ಸಾರ್.”

“ಎರಡು ಸರಿಯುತ್ತರ ಇದೆಯಾ?”

“ಇಲ್ಲ.”

“ಮಕ್ಕಳಿಗೆ ಅರ್ಥ ಆಗದ ಹಾಗಿದೆಯಾ?”

ಇದೆ ಎಂದುಬಿಡಿ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಒಂದು ಸುಳ್ಳು, ಒಂದೇ ಪದ. ಅವರ ಬಾಯಿಂದ ಅದು ಹೊರಡಲಿಲ್ಲ. ಹೊರಟಿದ್ದರೂ ಮೇಧಾಳ ತಂದೆ ಬಿಡುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ಪ್ರಯತ್ನವಾದರೂ ಆಗುತ್ತಿತ್ತಲ್ಲ ಎಂದು ಈಗಲೂ ಅನ್ನಿಸುತ್ತದೆ.

“ಪ್ರಶ್ನೆ ಸರಿ ಇದೆ ಸಾರ್,” ಎಂದರು. “ಈ ತಪ್ಪು ಮಾಡಿದ ನರ್ಸ್ ವಾರ್ಡಲ್ಲಿದ್ರೆ ರೋಗಿ ಉಳಿಯಲ್ಲ. ಪ್ರಶ್ನೆ ಸರಿ ಇದೆ.”

“ಮತ್ತೆ ತೆಗೆಯೋದು ಯಾಕೆ?” ಎಂದು ಟ್ರಸ್ಟಿ ಎದ್ದರು. ಅಂಕಗಳು ಆ ಸಂಜೆ ಇದ್ದ ಹಾಗೆಯೇ ಹೋದವು.

ಆ ವಾರದ ಕೊನೆಯಲ್ಲಿ ಗುರುದೇವಿ ತನ್ನ ಮೂಲ ಅಂಕಪಟ್ಟಿಗಳನ್ನು ವಾಪಸು ತೆಗೆದುಕೊಳ್ಳಲು ನನ್ನ ಹತ್ತಿರ ಬಂದಳು. ಹಾಸ್ಟೆಲಿನವರು ಕೋಣೆ ಖಾಲಿ ಮಾಡಲು ಹೇಳಿದ್ದರು. ಹನುಮೇಶ ಗೇಟಿನ ಹತ್ತಿರ ಬೈಕಿನಲ್ಲಿ ಕಾಯುತ್ತಿದ್ದ, ಊಟದ ಚೀಲವನ್ನು ಇನ್ನೂ ಬೆನ್ನಿಂದ ಇಳಿಸಿರಲಿಲ್ಲ. ಬಸವೇಶ್ವರನಗರದ ಒಂದು ಏಜೆನ್ಸಿಯಲ್ಲಿ ಮನೆಯಲ್ಲಿ ಮಲಗಿದ ಮುದುಕರನ್ನು ನೋಡಿಕೊಳ್ಳುವ ಕೆಲಸ ಸಿಗುತ್ತದಂತೆ, ಅಲ್ಲೇ ಇರಬಹುದಂತೆ. ಆಗದಿದ್ದರೆ ಊರು. ಹುಡುಗಿ ಅಳುತ್ತಿರಲಿಲ್ಲ. ಅತ್ತು ಮುಗಿಸಿದ ಮುಖ ಅದು.

ಮೇಡಂ ಅಲ್ಲಿಯೇ ಮೂಲೆಯಲ್ಲಿ ಕೂತಿದ್ದರು. ಅವಳು ಬರುತ್ತಾಳೆಂದು ತಿಳಿದು ಬೆಳಗಿನಿಂದ ಕಾಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಹುಡುಗಿಯ ಮೇಲೆಯೇ ಹರಿಹಾಯ್ದೆ.

“ಅಲ್ಲ ಕಣೇ, ಎಲ್ಲಾ ಸರಿಯಾಗಿ ಮಾಡಿ ಆ ಒಂದನ್ನ ಯಾಕೆ ಓದ್ಲಿಲ್ಲ ನೀನು? ಮೂರು ಸಾಲು ಇತ್ತು. ಕಣ್ಣಿರಲಿಲ್ವಾ?”

ಗುರುದೇವಿ ಮೇಡಂ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು.

“ಮುನಿರಾಮಯ್ಯ ಅಂತ ಹೆಸರು ನೋಡಿದ್ನ್ರೀ. ಅವತ್ತ ಮೇಡಂ ಇಲ್ಲೇ ಕುಂದ್ರಿಸಿ ಹೇಳಿದ್ರಲ್ರೀ, ಅದ ಬಂದೈತಿ ಅಂತ ತಿಳಕೊಂಡ್ನಿ. ನನಗ ಇಂಗ್ಲಿಷ್ ಬರಂಗಿಲ್ಲಂತ ಮೇಡಂ ನನಗೊಬ್ಬಾಕಿಗೇ ಇಂಪಾರ್ಟೆಂಟ್ ಕೊಟ್ಟಾರ ಅಂತ...” ಎಂದು ನಿಲ್ಲಿಸಿದಳು. “ಮುಂದಿಂದು ಓದ್ಲಿಲ್ರೀ. ಓದಿದ್ರ ಮೇಡಂ ಮ್ಯಾಲೆ ನಂಬಿಕಿ ಇಲ್ಲದಂಗ ಆಗ್ತೈತಿ ಅನ್ನಿಸ್ತ್ರೀ.”

ಪರೀಕ್ಷೆ ಹತ್ತಿರ ಬಂದಾಗ ಮೇಡಂ ಒಬ್ಬರು ಕರೆದು ಒಂದು ಪ್ರಶ್ನೆ ಹೇಳಿದರೆ ಅದು ಬರುತ್ತದೆ ಎಂದೇ ಅರ್ಥ. ನಮ್ಮ ಕಾಲೇಜಿನ ಗೋಡೆಗಳಿಗೂ ಅದು ಗೊತ್ತು. ಗೊತ್ತಿಲ್ಲದೇ ಇದ್ದದ್ದು, ಇಂಪಾರ್ಟೆಂಟನ್ನೇ ಕೊಡದ ನೀಲಾಂಬಿಕಾ ಮೇಡಂಗೆ ಮಾತ್ರ. ಉರು ಹೊಡೆದವರಿಗೆಂದು ಅವರು ಒಡ್ಡಿದ್ದ ಉರುಳು ಹೋಗಿ ಹೋಗಿ ನಂಬಿದವಳ ಕಾಲಿಗೆ ಸಿಕ್ಕಿಕೊಂಡಿತ್ತು.

ಮೇಡಂ ಎದ್ದು ಬಂದು ಹುಡುಗಿಯ ಎದುರು ಕುರ್ಚಿ ಎಳೆದುಕೊಂಡು ಕೂತರು. ಅವರ ಕೈಯಲ್ಲಿ ಪತ್ರಿಕೆ ಇರಲಿಲ್ಲ.

“ಗುರುದೇವಿ, ಒಬ್ಬ ಮುದುಕ ಅದಾನ,” ಎಂದರು ಮೆಲ್ಲಗೆ. “ಸಕ್ರಿ ಬ್ಯಾನಿ. ಇನ್ಸುಲಿನ್ ತಗೊಂಡಾನ, ನಾಷ್ಟಾ ಒಂದು ತುತ್ತು ತಿಂದು ಸಾಕಂದಾನ. ಈಗ ಬೆವರಾಕತ್ತಾನ. ಕೈ ನಡಗಾಕತ್ತಾವು. ಚುಚ್ಚಿ ನೋಡಿದ್ರ ಐವತ್ನಾಕ.”

ಅವರು ಪ್ರಶ್ನೆಯನ್ನು ಇನ್ನೂ ಕೇಳಿರಲಿಲ್ಲ. ಆಯ್ಕೆಗಳನ್ನಂತೂ ಹೇಳಿಯೇ ಇರಲಿಲ್ಲ.

“ಎಚ್ಚರ ಅದಾನೇನ್ರೀ?” ಎಂದಳು ಗುರುದೇವಿ.

“ಅದಾನ. ನುಂಗತಾನ.”

“ಹಂಗಾರ ಮೊದ್ಲ ಸಕ್ರಿ ನೀರು ಕುಡಸ್ತೀನ್ರೀ. ನಮ್ಮ ಅಜ್ಜಿಗೂ ಹಂಗ ಆಗ್ತಿತ್ರೀ. ಕುಡಿಸಿ, ಬಾಜೂಕ ಕುಂತು, ಆಮ್ಯಾಲೆ ಇನ್ನೊಮ್ಮೆ ಚುಚ್ಚಿ ನೋಡ್ತೀನ್ರೀ. ಆಮ್ಯಾಲೆ ಡಾಕ್ಟರಿಗೆ ಹೇಳ್ತೀನ್ರೀ.”

ಹೇಳಿ ಮೇಡಂ ಮುಖವನ್ನೇ ನೋಡಿದಳು. “ಸರಿ ಐತೇನ್ರೀ ಮೇಡಂ?”

ಹೊರಗೆ ಹನುಮೇಶ ಹಾರ್ನ್ ಹೊಡೆದ.

“ಸರಿ ಐತವ್ವಾ,” ಎಂದರು ಮೇಡಂ.

ಗುರುದೇವಿ ಅಂಕಪಟ್ಟಿಗಳನ್ನು ದುಪಟ್ಟದಲ್ಲಿ ಸುತ್ತಿಕೊಂಡು, ಇಬ್ಬರ ಕಾಲಿಗೂ ನಮಸ್ಕಾರ ಮಾಡಿ ಹೋದಳು.